ಮೂರು ವಾರ ಕೆಲಸ ಮಾಡುವ ಮಾತ್ರೆ

"ಮಾತ್ರೆ ಮೂರು ವಾರ ಚೆನ್ನಾಗಿ ಕೆಲಸ ಮಾಡುತ್ತದೆ ಮೇಡಂ. ನಾಲ್ಕನೇ ವಾರ ನುಂಗಿದರೂ ಅಷ್ಟೇ, ಬಿಟ್ಟರೂ ಅಷ್ಟೇ." ಆಕೆಗೆ 29 ವರ್ಷ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಗಮನ ಒಂದೆಡೆ ನಿಲ್ಲದ ಎಡಿಎಚ್‌ಡಿ ಎಂಬ ಸಮಸ್ಯೆ ಇದೆ ಎಂದು ಮೊದಲೇ ಗೊತ್ತಾಗಿ, ಔಷಧಿ ತೆಗೆದುಕೊಳ್ಳುತ್ತಿದ್ದರು. ಹಾರ್ಮೋನ್ ರಕ್ತಪರೀಕ್ಷೆಯೂ ಆಗಿತ್ತು, ಎಲ್ಲ ನಾರ್ಮಲ್. "ಹಾಗಾದರೆ ನನ್ನದೇ ಸೋಮಾರಿತನ ಅಲ್ವಾ?" ಎಂದರು.

ಉತ್ತರ ಹೇಳುವ ಮೊದಲು ಒಂದು ಕೆಲಸ ಕೊಟ್ಟೆ. ದಿನಾ ರಾತ್ರಿ ಗಮನದ ತೊಂದರೆಗೆ ಮತ್ತು ಆತಂಕಕ್ಕೆ ಹತ್ತರಲ್ಲಿ ಎಷ್ಟು ಎಂದು ಅಂಕ ಬರೆಯಬೇಕು, ಮುಟ್ಟಿನ ದಿನಗಳನ್ನು ಗುರುತಿಸಬೇಕು. ಎರಡು ಋತುಚಕ್ರ ಪೂರ್ತಿ. ನೆನಪಿನಿಂದ ಬರೆದದ್ದನ್ನು ನಾನು ನಂಬುವುದಿಲ್ಲ. ಕೆಟ್ಟ ದಿನಗಳು ನೆನಪಿನಲ್ಲಿ ಜಾಸ್ತಿ ಜಾಗ ಹಿಡಿಯುತ್ತವೆ.

ಎರಡೂ ಸಲ ಚಿತ್ರ ಒಂದೇ. ಗಮನದ ತೊಂದರೆ ತಿಂಗಳ ಹೆಚ್ಚಿನ ದಿನ 4ರ ಆಸುಪಾಸು, ಮುಟ್ಟಿಗೆ ಮುಂಚಿನ ಐದಾರು ದಿನ 8. ಆತಂಕ ಮಾತ್ರ ಬೇರೆ ಥರ. ಉಳಿದ ದಿನ 1, ಆ ದಿನಗಳಲ್ಲಿ 7, ಮುಟ್ಟಾದ ಎರಡನೇ ದಿನಕ್ಕೆ ಮತ್ತೆ 1. ಅಂದರೆ ಗಮನದ ತೊಂದರೆ ಮೊದಲೇ ಇದ್ದದ್ದು, ಆ ವಾರ ಕೆರಳುತ್ತದೆ. ಆತಂಕ ಆ ವಾರವೇ ಬಂದು ಹೋಗುತ್ತದೆ. ಎರಡಕ್ಕೂ ದಾರಿ ಬೇರೆ.

ಆಮೇಲೆ ವಿವರಿಸಿದೆ. ಈಸ್ಟ್ರೋಜನ್ ಎಂಬ ಹಾರ್ಮೋನ್ ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕಕ್ಕೆ ಒತ್ತಾಸೆ ಕೊಡುತ್ತದೆ. ಗಮನ ಹಿಡಿದಿಡಲು ನೆರವಾಗುವುದು ಈ ಡೋಪಮಿನ್, ಎಡಿಎಚ್‌ಡಿಯ ಹೆಚ್ಚಿನ ಮಾತ್ರೆಗಳು ಕೆಲಸ ಮಾಡುವುದೂ ಮುಖ್ಯವಾಗಿ ಇದರ ಮೇಲೆ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಈಸ್ಟ್ರೋಜನ್ ಇಳಿಯುತ್ತದೆ. ಅದೇ ಮಾತ್ರೆ, ಆದರೆ ಕೆಳಗಿನ ಆಸರೆ ಕಡಿಮೆ. ಜೊತೆಗೆ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನ್ ಕೂಡ ಇಳಿಯುತ್ತದೆ. ಅದರಿಂದ ತಯಾರಾಗುವ ಅಲೋಪ್ರೆಗ್ನನೊಲೋನ್ ಎಂಬ ವಸ್ತು ಸಾಮಾನ್ಯವಾಗಿ ಮೆದುಳನ್ನು ಶಾಂತಗೊಳಿಸುತ್ತದೆ. ಕೆಲವರ ಮೆದುಳಿಗೆ ಇದರ ಏರಿಳಿತವೇ ಒಗ್ಗುವುದಿಲ್ಲ, ಆಗ ಆತಂಕ ಏಳುತ್ತದೆ. ರಕ್ತಪರೀಕ್ಷೆ ನಾರ್ಮಲ್ ಬಂದದ್ದು ಅದಕ್ಕೇ. ಹಾರ್ಮೋನ್ ಪ್ರಮಾಣದಲ್ಲಿ ತಪ್ಪಿಲ್ಲ, ಅದು ಬದಲಾಗುವುದಕ್ಕೆ ಮೆದುಳು ಸ್ಪಂದಿಸುವ ರೀತಿ ಬೇರೆ.

ಪಟ್ಟಿಯ ಅಂಚಿನಲ್ಲಿ ಇನ್ನೊಂದು ವಿಷಯ ಸಿಕ್ಕಿತು. ಗಮನ ನಿಲ್ಲದ್ದಕ್ಕೆ ಆ ವಾರ ಕಾಫಿ ದುಪ್ಪಟ್ಟಾಗುತ್ತಿತ್ತು. ನಿದ್ದೆ ಕೆಡುತ್ತಿತ್ತು, ಮರುದಿನ ಎದೆ ಡವಡವ. ಮಧ್ಯಾಹ್ನದ ನಂತರ ಕಾಫಿ ಬೇಡ ಎಂದೆ. ಲೆಕ್ಕಪತ್ರ ನೋಡುವಂಥ ಕೆಲಸವನ್ನು ಆದಷ್ಟು ಮುಟ್ಟು ಮುಗಿದ ವಾರಕ್ಕೆ ಇಟ್ಟುಕೊಳ್ಳಲು ಹೇಳಿದೆ. ಮಾತ್ರೆ ಮಾತ್ರ ತಾವಾಗಿ ಹೆಚ್ಚಿಸಬಾರದು. ಪಟ್ಟಿಯನ್ನು ಮನೋವೈದ್ಯರಿಗೆ ತೋರಿಸಲಿ. ಆ ದಿನಗಳಿಗಷ್ಟೇ ಡೋಸ್ ಬದಲಿಸುವುದೋ, ಆತಂಕಕ್ಕೆ ಬೇರೆ ಔಷಧಿ ಕೊಡುವುದೋ ಅವರ ತೀರ್ಮಾನ. ಸಾಯುವ ಯೋಚನೆ ಬರುತ್ತದೆಯಾ ಎಂದೂ ನೇರವಾಗಿ ಕೇಳಿದೆ, ಕೆಲವರಿಗೆ ಆ ವಾರವೇ ಬರುವುದುಂಟು. ಇವರಿಗೆ ಇರಲಿಲ್ಲ.

ಮೂರನೇ ತಿಂಗಳ ಪಟ್ಟಿಯಲ್ಲಿ ಆತಂಕ 7ರಿಂದ 5ಕ್ಕೆ ಇಳಿದಿತ್ತು. ಗಮನದ ತೊಂದರೆಯ ಅಂಕ ಇನ್ನೂ 8ರಲ್ಲೇ ಇತ್ತು. ಅದನ್ನು ಹಿಡಿದುಕೊಂಡೇ ವೈದ್ಯರ ಬಳಿ ಹೋದರು.