ಕಂಚಿನ ಮನುಷ್ಯ ಮತ್ತು ಒಂಬತ್ತನೇ ಮಾತು

ಓದುಗರ ಪತ್ರ: ಸಂಪಾದಕರಿಗೆ ನಮಸ್ಕಾರ. ಹೋದ ಸಂಚಿಕೆಯಲ್ಲಿ ಇಟಲಿಯ ಕಲಾವಿದ ಬೊಚ್ಚೋನಿಯ ಆ ನಡೆಯೋ ಮನುಷ್ಯನ ಶಿಲ್ಪದ ಫೋಟೋ ನೋಡಿ ತುಂಬಾ ಇಷ್ಟ ಆಗಿ, ಅವನಿದ್ದ ಗುಂಪು, ಅಂದ್ರೆ ವೇಗ, ಯಂತ್ರ ಕೊಂಡಾಡೋ ಫ್ಯೂಚರಿಸ್ಟ್‌ಗಳ ಮ್ಯಾನಿಫೆಸ್ಟೋ ಹುಡುಕಿ ಓದಿದೆ. ಯುದ್ಧ ಬೇಕು, ಮ್ಯೂಸಿಯಂ ಸುಡಬೇಕು, ಹೆಂಗಸರು ಅಂದ್ರೆ ತಿರಸ್ಕಾರ ಅಂತೆಲ್ಲ ಇದೆ. ಇದನ್ನ ವಯಸ್ಸಿನ ಹುಮ್ಮಸ್ಸು ಅಂತ ಬಿಟ್ಟು ಕಲೆ ಮಾತ್ರ ನೋಡಬೇಕಾ, ಅಥವಾ ಇವರೆಲ್ಲ ಫ್ಯಾಸಿಸ್ಟರು ಅಂತ ಪಕ್ಕಕ್ಕಿಡಬೇಕಾ? ನೀವು ಲೇಖನದಲ್ಲಿ ಇದರ ಬಗ್ಗೆ ಒಂದು ಮಾತೂ ಬರೀಲಿಲ್ಲ. (ಧಾರವಾಡದ ಓದುಗರೊಬ್ಬರು)

ಸಂಪಾದಕರ ಉತ್ತರ: ನಮಸ್ಕಾರ. ನೀವು ಕೇಳಿದ್ದು ಸರಿಯಾಗಿದೆ, ನಾವು ಬರೀಬೇಕಿತ್ತು, ಬರೀಲಿಲ್ಲ. ಅದಕ್ಕೇ ಸ್ವಲ್ಪ ಉದ್ದವಾಗೇ ಉತ್ತರ ಕೊಡ್ತೀನಿ.

ಮೊದಲು ಆ ಮ್ಯಾನಿಫೆಸ್ಟೋ ಹುಟ್ಟಿದ್ದು ಹೇಗೆ ಅಂತ ನೋಡೋಣ, ಯಾಕಂದ್ರೆ ವೇಗ ಮತ್ತು ಹಿಂಸೆ ಎರಡೂ ಒಂದೇ ಕಡೆ ಬೆಸೆದುಕೊಂಡಿದ್ದು ಅಲ್ಲೇ. 1908ರ ಅಕ್ಟೋಬರ್‌ನಲ್ಲಿ ಮಿಲಾನ್ ಹತ್ರ, ಮುಂದೆ ಈ ಗುಂಪು ಕಟ್ಟಿದ ಮರಿನೆಟ್ಟಿ ಅನ್ನೋ ಕವಿ ತನ್ನ ಫಿಯಟ್ ಕಾರ್ ಓಡಿಸ್ತಾ ಹೋಗ್ತಿದ್ದಾಗ ಎದುರಿಗೆ ಇಬ್ಬರು ಸೈಕಲ್ ಸವಾರರು ಬಂದ್ರು, ಅವರನ್ನ ತಪ್ಪಿಸೋಕೆ ಹೋಗಿ ಕಾರು ಪಲ್ಟಿಯಾಗಿ ಗುಂಡಿಗೆ ಬಿತ್ತು. ದೊಡ್ಡ ಪೆಟ್ಟೇನೂ ಆಗಲಿಲ್ಲ. ಮುಂದಿನ ವರ್ಷ ಫೆಬ್ರವರಿ 20ಕ್ಕೆ ಪ್ಯಾರಿಸ್‌ನ ಲ ಫಿಗಾರೊ ಪತ್ರಿಕೆಯ ಮುಖಪುಟದಲ್ಲಿ ಮ್ಯಾನಿಫೆಸ್ಟೋ ಬಂದಾಗ ಈ ಘಟನೆಯೇ ಅದರ ಕಥೆ. ಆದ್ರೆ ಅದು ಅಪಘಾತ ಅಂತ ಅಲ್ಲ, ದೀಕ್ಷೆ ಅಂತ! ಸೈಕಲ್‌ನವರು ಅಲ್ಲಿ ತಡವರಿಸ್ತಾ ದಾರಿಗೆ ಅಡ್ಡ ಬರೋ, ಒಂದಕ್ಕೊಂದು ವಿರುದ್ಧವಾದ ಎರಡು ವಾದಗಳ ಥರ ಕಾಣ್ತಾರೆ, ಗುಂಡಿಯ ಕೊಚ್ಚೆ ಕಾರ್ಖಾನೆಯ ಪವಿತ್ರ ಕೆಸರಾಗುತ್ತೆ, ಕೆಸರು ಮೆತ್ತಿದ ಮುಖದಲ್ಲೇ ಅವನು ಎದ್ದು ನಿಂತು ಹನ್ನೊಂದು ಅಂಶಗಳನ್ನ ಘೋಷಣೆ ಮಾಡ್ತಾನೆ.

ನಾಲ್ಕನೇ ಅಂಶ ಎಲ್ಲರಿಗೂ ಗೊತ್ತಿರೋದು, ಗರ್ಜಿಸ್ತಾ ಓಡೋ ಕಾರು ಸಾಮೊತ್ರೇಸ್‌ನ ವಿಜಯದೇವತೆಗಿಂತ ಸುಂದರ ಅನ್ನೋದು (ಆ ದೇವತೆ ಅಂದ್ರೆ ಲೂವ್ರ್‌ನಲ್ಲಿರೋ ತಲೆ, ಕೈ ಇಲ್ಲದ ರೆಕ್ಕೆಯ ಗ್ರೀಕ್ ಶಿಲ್ಪ). ಒಂಬತ್ತನೇ ಅಂಶ ನಿಮ್ಮನ್ನ ಬೆಚ್ಚಿಬೀಳಿಸಿದ್ದು, ಯುದ್ಧ ಜಗತ್ತಿನ ಏಕೈಕ ನೈರ್ಮಲ್ಯ, ಅದನ್ನ ಕೊಂಡಾಡ್ತೀವಿ ಅನ್ನೋದು. ಇವೆರಡನ್ನೂ ಬೇರೆ ಬೇರೆ ಇಡೋಕೆ ಆಗಲ್ಲ ಅಂತ ನನ್ನ ಅನಿಸಿಕೆ, ಯಾಕಂದ್ರೆ ಕಾರಿನ ಕಥೆಯಲ್ಲೇ ಆ ನೋಟ ಇದೆ ನೋಡಿ: ವೇಗವಾಗಿ ಹೋಗೋನ ಕಣ್ಣಿಗೆ ರಸ್ತೆಲಿರೋ ಇನ್ನೊಬ್ಬ ಮನುಷ್ಯ ಬರೀ ಅಡ್ಡಿ. ಅಲ್ಲಿಂದ ಒಂಬತ್ತನೇ ಅಂಶಕ್ಕೆ ದೂರ ಏನಿಲ್ಲ.

ಕೆಲವರು ಏನ್ ಹೇಳ್ತಾರೆ ಅಂದ್ರೆ, ಅದೆಲ್ಲ ಮರಿನೆಟ್ಟಿ ಒಬ್ಬನ ಮಾತು, ಚಿತ್ರಕಾರರು ಆಮೇಲೆ ಸೇರಿದ್ದು, ಅವರಿಗೆ ಬೇಕಿದ್ದಿದ್ದು ಬಣ್ಣ ಮತ್ತು ಚಲನೆ ಮಾತ್ರ ಅಂತ. ಅರ್ಧ ನಿಜ. 1909ರಲ್ಲಿ ಮ್ಯಾನಿಫೆಸ್ಟೋ ಬಂದಾಗ ಗುಂಪಿನಲ್ಲಿ ಚಿತ್ರಕಾರರು ಇನ್ನೂ ಇರಲಿಲ್ಲ. ಬೊಚ್ಚೋನಿ, ಕಾರ್ರಾ, ರುಸ್ಸೊಲೊ, ಬಾಲ್ಲಾ, ಸೆವೆರಿನಿ ಐದೂ ಜನ ಬಂದಿದ್ದು 1910ರಲ್ಲಿ. ಅವರ ಆ ವರ್ಷದ ತಾಂತ್ರಿಕ ಮ್ಯಾನಿಫೆಸ್ಟೋ ಓದಿದ್ರೆ ಮಾತಿನ ರೀತಿನೇ ಬೇರೆ, ಓಡೋ ಕುದುರೆಗೆ ನಾಲ್ಕಲ್ಲ ಇಪ್ಪತ್ತು ಕಾಲು ಅಂತ, ಅಂದ್ರೆ ಕಣ್ಣು ನಿಜವಾಗಿ ಏನು ನೋಡುತ್ತೆ ಅನ್ನೋ ಪ್ರಶ್ನೆ. ಬಾಲ್ಲಾ 1912ರಲ್ಲಿ ಬರೆದ ನಾಯಿಯ ಚಿತ್ರದಲ್ಲಿ ಪುಟ್ಟ ಕಾಲುಗಳೂ ಬಾಲವೂ ಹತ್ತಾರಾಗಿ ಅಲ್ಲಾಡ್ತಿರೋದು ಅದೇ ಪ್ರಶ್ನೆಯಿಂದ, ಅಲ್ಲಿ ಯಾರನ್ನೂ ಕೊಲ್ಲೋ ಆಸೆ ಇಲ್ಲ.

ಆದ್ರೆ 1914ರ ಸೆಪ್ಟೆಂಬರ್‌ಗೆ ಬನ್ನಿ. ಮಹಾಯುದ್ಧ ಶುರುವಾಗಿದೆ, ಇಟಲಿ ಇನ್ನೂ ತಟಸ್ಥ. ಯುದ್ಧಕ್ಕೆ ಇಳೀಬೇಕು ಅಂತ ಇವರು ಮಿಲಾನ್‌ನಲ್ಲಿ ಆಸ್ಟ್ರಿಯಾದ ಬಾವುಟ ಸುಟ್ಟು ಗಲಾಟೆ ಮಾಡಿ ಜೈಲಿಗೆ ಹೋದ್ರು, ಅಲ್ಲಿಂದ ಹೊರಬಂದಿದ್ದೇ ಯುದ್ಧದ ಫ್ಯೂಚರಿಸ್ಟ್ ಸಾರಾಂಶ ಅನ್ನೋ ಕರಪತ್ರ, ಅದರ ಮೇಲೆ ಮರಿನೆಟ್ಟಿ ಜೊತೆ ಬೊಚ್ಚೋನಿ, ಕಾರ್ರಾ, ರುಸ್ಸೊಲೊ ಸಹಿನೂ ಇದೆ. ಆಗ ಬೊಚ್ಚೋನಿಗೆ 31 ವರ್ಷ. ಹಾಗಾಗಿ ಹುಡುಗು ಬುದ್ಧಿ, ಯಾರದೋ ಮಾತಿಗೆ ತಲೆಯಾಡಿಸಿದ್ರು ಅಂತ ನಾವು ಅವರ ಪರವಾಗಿ ಹೇಳೋಕೆ ಹೋಗಬಾರದು. ಅವರು ನಂಬಿದ್ರು, ನಂಬಿ ಹೋದ್ರು ಕೂಡ. 1915ರ ಮೇನಲ್ಲಿ ಇಟಲಿ ಯುದ್ಧಕ್ಕಿಳಿದಾಗ ಮರಿನೆಟ್ಟಿ, ಬೊಚ್ಚೋನಿ, ರುಸ್ಸೊಲೊ, ವಾಸ್ತುಶಿಲ್ಪಿ ಸಾಂತ್ ಎಲಿಯಾ ಎಲ್ಲ ಸೇರಿದ್ದು ಲೊಂಬಾರ್ಡಿಯ ಸ್ವಯಂಸೇವಕರ ಸೈಕಲ್ ದಳಕ್ಕೆ, ಸೈಕಲ್ ಹತ್ತಿದ ಅದೇ ಜನ ಅಕ್ಟೋಬರ್ ಹೊತ್ತಿಗೆ ಗಾರ್ದಾ ಸರೋವರದ ಮೇಲಿನ ಬೆಟ್ಟಗಳಲ್ಲಿ ನಡ್ಕೊಂಡು, ಚಳಿಲಿ ಕೂತು ಕಾಯ್ತಾ ಇದ್ರು. ಇದನ್ನ ಓದುವಾಗೆಲ್ಲ ನನಗೆ ಮನಸ್ಸು ಭಾರ ಆಗುತ್ತೆ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಕಲೆಯನ್ನ ಹೇಗೆ ನೋಡೋದು? ನನ್ನ ಮಟ್ಟಿಗೆ ಒಂದೊಂದು ಕೃತಿನೂ ಬೇರೆ ಬೇರೆ ನೋಡಬೇಕು. ಮ್ಯಾನಿಫೆಸ್ಟೋದ ಆ ಒಂಬತ್ತನೇ ಮಾತು ಚಿತ್ರದ ಒಳಗೆ ಇಳಿದಿದೆಯಾ ಇಲ್ವಾ ಅಂತ, ಅದು ಸಾಮಾನ್ಯವಾಗಿ ಕಣ್ಣಿಗೆ ಕಾಣುತ್ತೆ.

ಸೆವೆರಿನಿ 1915ರಲ್ಲಿ ಬರೆದ ಶಸ್ತ್ರಸಜ್ಜಿತ ರೈಲಿನ ಚಿತ್ರ ತಗೊಳ್ಳಿ, ನ್ಯೂಯಾರ್ಕ್‌ನ ಮಾಡರ್ನ್ ಆರ್ಟ್ ಮ್ಯೂಸಿಯಂನಲ್ಲಿದೆ. ಮೇಲಿಂದ ನೋಡಿದ ಹಾಗೆ ರೈಲು, ಅದರೊಳಗೆ ಐದು ಜನ ಸೈನಿಕರು ಸಾಲಾಗಿ ಬಂದೂಕು ಹಿಡಿದು ಗುಂಡು ಹಾರಿಸ್ತಿದ್ದಾರೆ. ಐದೂ ಜನರ ಮೈ ಒಂದೇ ಅಚ್ಚು, ಮುಖ ಅಂತ ಒಂದೂ ಕಾಣಲ್ಲ. ಮೇಲೊಂದು ಫಿರಂಗಿ. ಸುತ್ತ ಹೊಗೆ ಇದೆ, ಆದ್ರೆ ಬಣ್ಣಗಳು ತಿಳಿ ಹಸಿರು, ನೀಲಿ, ಬಿಳಿ, ನೋಡೋಕೆ ತಣ್ಣಗೆ ಹಿತವಾಗಿ. ಗುಂಡು ಯಾರಿಗೆ ತಾಗ್ತಿದೆ? ಅದು ಚೌಕಟ್ಟಿನ ಆಚೆ. ಅದ್ಭುತವಾಗಿ ಕಟ್ಟಿದ ಚಿತ್ರ ಅದು, ಅದರಲ್ಲಿ ಎರಡು ಮಾತಿಲ್ಲ, ಆದ್ರೆ ಸಾಯೋನನ್ನ ಹೊರಗಿಟ್ಟಿದ್ದರಿಂದಲೇ ಅದು ಅಷ್ಟು ಚೊಕ್ಕವಾಗಿದೆ. ಯುದ್ಧ ಅಂದ್ರೆ ನೈರ್ಮಲ್ಯ ಅನ್ನೋದು ಬಣ್ಣದಲ್ಲಿ ಹೇಗೆ ಕಾಣುತ್ತೆ ಅಂತ ಕೇಳಿದ್ರೆ ನಾನು ಇದನ್ನೇ ತೋರಿಸ್ತೀನಿ.

ಬೊಚ್ಚೋನಿಯ ಶಿಲ್ಪ ಹಾಗಲ್ಲ, ಅದು ಅಷ್ಟು ಸುಲಭಕ್ಕೆ ಬಗೆಹರಿಯಲ್ಲ. ನನ್ನ ಮೇಜಿನ ಮೇಲೆ ಇಟಲಿಯ 20 ಸೆಂಟ್ ನಾಣ್ಯ ಒಂದಿದೆ, ಗೆಳೆಯರೊಬ್ಬರು ತಂದುಕೊಟ್ಟಿದ್ದು, ಅದರ ಹಿಂದೆ ಇದೇ ಶಿಲ್ಪ. ಬೆರಳುಗುರು ಗಾತ್ರದಲ್ಲೂ ಆ ನಡಿಗೆಯ ಬಿರುಸು ಗೊತ್ತಾಗುತ್ತೆ. ತೊಡೆ, ಮೀನಖಂಡ ಎಲ್ಲ ಗಾಳಿ ಬೀಸಿ ಹಿಂದಕ್ಕೆ ಎಳೆದ ಜ್ವಾಲೆ ಥರ, ಮೈಯೆಲ್ಲಿ ಮುಗಿದು ಗಾಳಿಯೆಲ್ಲಿ ಶುರುವಾಯ್ತು ಅಂತ ಹೇಳೋಕಾಗಲ್ಲ. ಕೈಗಳಿಲ್ಲ. ಮುಖದ ಜಾಗದಲ್ಲಿ ಶಿರಸ್ತ್ರಾಣದಂಥದ್ದೇನೋ. ಸಾಮೊತ್ರೇಸ್ ದೇವತೆನ ಪಕ್ಕದಲ್ಲಿಟ್ಟು ನೋಡಿ, ಅದೇ ಕೈಯಿಲ್ಲದ ಮೈ, ಅದೇ ಗಾಳಿಗೆ ಎದುರಾದ ನಿಲುವು! ಕಾರಿನ ಮುಂದೆ ಯಾವ ಶಿಲ್ಪವನ್ನ ಕೀಳು ಅಂದ್ರೋ ಅದರ ಹತ್ತಿರಕ್ಕೇ ಬಂದು ನಿಂತಿದ್ದಾನೆ ಬೊಚ್ಚೋನಿ.

ಇನ್ನೊಂದು ವಿಷಯ, ಇದು ನನಗೆ ತಡವಾಗಿ ಗೊತ್ತಾಗಿದ್ದು. ನಾವು ನೋಡೋ ಆ ಹೊಳೆಯೋ ಲೋಹದ ಮೈ ಅವನು ಮಾಡಿದ್ದಲ್ಲ. 1913ರಲ್ಲಿ ಅವನು ಮಾಡಿದ್ದು ಪ್ಲಾಸ್ಟರ್‌ನಲ್ಲಿ, ಅಂದ್ರೆ ಮುಟ್ಟಿದ್ರೆ ಚಕ್ಕೆ ಏಳೋ ಬಿಳಿ ಗಾರೆ, ಅದು ಈಗ ಬ್ರೆಜಿಲ್‌ನ ಸಾವೊ ಪಾಲೊದಲ್ಲಿದೆ. ಅವನು ಬದುಕಿರೋವರೆಗೂ ಕಂಚಿನಲ್ಲಿ ಎರಕ ಹೊಯ್ದೇ ಇರಲಿಲ್ಲ. ಅಷ್ಟೇ ಅಲ್ಲ, 1912ರ ಶಿಲ್ಪದ ಮ್ಯಾನಿಫೆಸ್ಟೋದಲ್ಲಿ ಅವನೇ ಬರೆದಿದ್ದ, ಅಮೃತಶಿಲೆ, ಕಂಚು ಅನ್ನೋ ದೊಡ್ಡಸ್ತಿಕೆ ಸಾಕು, ಗಾಜು, ಮರ, ಸಿಮೆಂಟು, ಬಟ್ಟೆ, ಕರೆಂಟ್ ಲೈಟು ಏನು ಬೇಕಾದ್ರೂ ಶಿಲ್ಪಕ್ಕೆ ಬರಲಿ ಅಂತ. ಮೊದಲ ಕಂಚಿನ ಎರಕಗಳು ಬಂದಿದ್ದು 1931ರಲ್ಲಿ, ಮುಸೊಲಿನಿ ಆಳ್ತಿದ್ದ ಇಟಲಿಯಲ್ಲಿ. ಹಾಗಾಗಿ ನಾವು ಆ ಶಿಲ್ಪದಲ್ಲಿ ಯಂತ್ರಮಾನವನನ್ನೋ ಉಕ್ಕಿನ ಯೋಧನನ್ನೋ ಕಂಡ್ರೆ ಅದರಲ್ಲಿ ಸ್ವಲ್ಪ ಪಾಲು ಆ ಕಂಚಿನದ್ದು. ಬಿಳಿ ಪ್ಲಾಸ್ಟರ್‌ನ ಫೋಟೋ ನೋಡಿದ್ರೆ ಯೋಧನಿಗಿಂತ ಹೆಚ್ಚಾಗಿ ಗಾಳಿಗೆ ಸವೀತಿರೋ ಒಂದು ಮೈ ಅಂತಾನೇ ನನಗೆ ಕಾಣುತ್ತೆ.

ಇದರಿಂದ ಬೊಚ್ಚೋನಿ ನಿರ್ದೋಷಿ ಅಂತ ನಾನು ಹೇಳ್ತಿಲ್ಲ, ಆ ಕರಪತ್ರದ ಸಹಿ ಅಳಿಸೋಕಾಗಲ್ಲ. ಆದ್ರೆ ಅವನ ಕೈ ಅವನ ಘೋಷಣೆಗಿಂತ ಬೇರೆ ಏನನ್ನೋ ಹುಡುಕ್ತಿತ್ತು ಅನ್ನೋದಕ್ಕೆ ಕೊನೆಯ ಬೇಸಿಗೆಯ ಕೆಲಸನೇ ಸಾಕ್ಷಿ. 1916ರ ಜೂನ್‌ನಲ್ಲಿ ಒಂದು ಸರೋವರದ ದಡದಲ್ಲಿ ಕೂತು ಸಂಗೀತಗಾರ ಬುಸೋನಿಯ ಭಾವಚಿತ್ರ ಬರೀತಾನೆ, ಅದರಲ್ಲಿ ವೇಗನೂ ಇಲ್ಲ ಯಂತ್ರನೂ ಇಲ್ಲ, ಫ್ರೆಂಚ್ ಚಿತ್ರಕಾರ ಸೆಜಾನ್ ಥರ ನಿಧಾನವಾಗಿ ಬಣ್ಣದ ಮೇಲೆ ಬಣ್ಣ ಇಟ್ಟು ಕಟ್ಟಿದ, ಸುಮ್ಮನೆ ಕೂತ ಒಬ್ಬ ಮನುಷ್ಯ. ಆಮೇಲೆ ಸೈನ್ಯದಿಂದ ಮತ್ತೆ ಕರೆ ಬಂತು. ಆಗಸ್ಟ್‌ನಲ್ಲಿ ವೆರೋನಾ ಹತ್ರ ತರಬೇತಿಯಲ್ಲಿ ಕುದುರೆಯಿಂದ ಬಿದ್ದು 17ನೇ ತಾರೀಕು ತೀರಿಕೊಂಡ. 33 ವರ್ಷ. ಸಾಂತ್ ಎಲಿಯಾ ಅಕ್ಟೋಬರ್‌ನಲ್ಲಿ ಯುದ್ಧಭೂಮಿಯಲ್ಲೇ ಸತ್ತ, 28 ವರ್ಷ, ಕಟ್ಟಬೇಕು ಅಂತ ಬರೆದಿಟ್ಟ ಆ ಎತ್ತರದ ನಗರ ಕಾಗದದ ಮೇಲೇ ಉಳೀತು. ಮುಂದಿನ ವರ್ಷ ರುಸ್ಸೊಲೊ ತಲೆಗೆ ಗಂಭೀರ ಗಾಯ ಮಾಡ್ಕೊಂಡ.

ಮರಿನೆಟ್ಟಿ ಉಳಿದ, ಮತ್ತು ಫ್ಯಾಸಿಸ್ಟ್ ಅನ್ನೋ ನಿಮ್ಮ ಮಾತು ನೇರವಾಗಿ ತಾಗೋದು ಅವನಿಗೇ. 1919ರ ಮಾರ್ಚ್‌ನಲ್ಲಿ ಮಿಲಾನ್‌ನಲ್ಲಿ ಮುಸೊಲಿನಿ ತನ್ನ ಚಳವಳಿ ಶುರು ಮಾಡಿದ ಸಭೆಯಲ್ಲಿ ಅವನಿದ್ದ, ಮುಂದಿನ ತಿಂಗಳು ಸಮಾಜವಾದಿ ಪತ್ರಿಕೆ ಅವಂತಿ ಕಚೇರಿ ಮೇಲಿನ ದಾಳಿಯಲ್ಲೂ ಇದ್ದ. 1920ರಲ್ಲಿ ರಾಜ, ಚರ್ಚು ಇಬ್ಬರ ಜೊತೆನೂ ರಾಜಿ ಆಗ್ತಿದ್ದೀರಿ ಅಂತ ಜಗಳವಾಡಿ ಹೊರಗೆ ಬಂದ, ಕೆಲವೇ ವರ್ಷದಲ್ಲಿ ವಾಪಸ್ ಹೋದ, 1929ರಲ್ಲಿ ಇಟಲಿಯ ರಾಯಲ್ ಅಕಾಡೆಮಿ ಸದಸ್ಯನೂ ಆದ. ಅಕಾಡೆಮಿಗಳನ್ನ ನಾಶ ಮಾಡ್ತೀವಿ ಅಂತ ಹತ್ತನೇ ಅಂಶದಲ್ಲಿ ಬರೆದವನು. 1938ರ ಹೊತ್ತಿಗೆ ಆಧುನಿಕ ಕಲೆ ಯಹೂದಿಗಳ ಪಿತೂರಿ ಅಂತ ಕೂಗು ಎದ್ದಾಗ ಅದನ್ನ ಎದುರಿಸಿದ್ದೂ ಇವನೇ, ಅದನ್ನೂ ಹೇಳಬೇಕು. ಆದ್ರೆ ಇಥಿಯೋಪಿಯಾ ಮೇಲೆ ಇಟಲಿ ದಂಡೆತ್ತಿ ಹೋದಾಗ ಸ್ವಯಂಸೇವಕನಾಗಿ ಹೊರಟವನು ಯುದ್ಧ ಸುಂದರ ಅಂತ ಮತ್ತೆ ಬರೆದ, ಗ್ಯಾಸ್ ಮಾಸ್ಕು, ಬೆಂಕಿ ಉಗುಳೋ ಯಂತ್ರ, ಸಣ್ಣ ಟ್ಯಾಂಕುಗಳಿಂದ ಮನುಷ್ಯ ಯಂತ್ರವನ್ನ ಗೆಲ್ತಾನೆ ಅಂತ. ಅದೇ ಯುದ್ಧದಲ್ಲಿ ಇಟಲಿಯ ವಿಮಾನಗಳು ಅಲ್ಲಿನ ಜನರ ಮೇಲೆ ಮಸ್ಟರ್ಡ್ ಗ್ಯಾಸ್ ಸುರೀತಿದ್ವು, ಅವರ ಹತ್ರ ಮಾಸ್ಕ್ ಇರಲಿಲ್ಲ. ಜರ್ಮನ್ ಚಿಂತಕ ವಾಲ್ಟರ್ ಬೆಂಜಮಿನ್ ಆ ಬರಹವನ್ನ ಉದ್ಧರಿಸಿ, ಮನುಷ್ಯಕುಲ ತನ್ನ ನಾಶವನ್ನೇ ಸೌಂದರ್ಯವಾಗಿ ಅನುಭವಿಸೋ ಮಟ್ಟಕ್ಕೆ ಬಂದಿದೆ ಅಂತ ಹೇಳಿದ್ದು ಇಂಥದ್ದನ್ನ ನೋಡಿಯೇ. 1909ರ ವಾಕ್ಯಕ್ಕೂ ಇದಕ್ಕೂ ಮಧ್ಯ ಕಾಲು ಶತಮಾನ, ಲಕ್ಷಾಂತರ ಹೆಣ, ಆದ್ರೂ ಮಾತು ಒಂಚೂರೂ ಬದಲಾಗಿಲ್ಲ, ಕ್ಷಮಿಸೋಕೆ ಆಗದೆ ಇರೋದು ನನಗೆ ಇದೇ.

ಆದ್ದರಿಂದ ಬೊಚ್ಚೋನಿನ ನಾನು ಪಕ್ಕಕ್ಕಿಡಲ್ಲ, ಮ್ಯಾನಿಫೆಸ್ಟೋ ಮುಚ್ಚಿಟ್ಟು ಅವನನ್ನ ತೋರಿಸೋದೂ ಇಲ್ಲ. ಮುಂದಿನ ಸಂಚಿಕೆಯಲ್ಲಿ ಆ ಹನ್ನೊಂದೂ ಅಂಶಗಳನ್ನ ಕನ್ನಡಕ್ಕೆ ತಂದು ಪೂರ್ತಿ ಹಾಕ್ತೀವಿ, ಎದುರು ಪುಟದಲ್ಲಿ ಸೆವೆರಿನಿಯ ರೈಲು, ಬುಸೋನಿಯ ಭಾವಚಿತ್ರ ಎರಡೂ ಇರುತ್ತೆ. ಇನ್ನು ಹೋದ ಸಲ ಫೋಟೋ ಕೆಳಗೆ ನಾವು ಹಾಕಿದ್ದ "ಕಂಚು, 1913" ಅನ್ನೋದು ತಪ್ಪು. ನಾವು ಹಾಕಿದ್ದು ನ್ಯೂಯಾರ್ಕ್‌ನ ಮಾಡರ್ನ್ ಆರ್ಟ್ ಮ್ಯೂಸಿಯಂನ ಪ್ರತಿ, ಅದನ್ನ ಹೀಗೆ ತಿದ್ದಿ ಓದ್ಕೊಳ್ಳಿ: ಉಂಬೆರ್ತೊ ಬೊಚ್ಚೋನಿ, ಪ್ಲಾಸ್ಟರ್ 1913, ಕಂಚಿನ ಎರಕ 1931, ಕಲಾವಿದ ತೀರಿಕೊಂಡು ಹದಿನೈದು ವರ್ಷದ ಮೇಲೆ.