ನೀರು ಹಾಕಿದ್ದರಿಂದ ಬೊಬ್ಬೆ ಏಳುವುದಿಲ್ಲ

ಪ್ರಶ್ನೆ: ನನಗೆ 52 ವರ್ಷ, ಸಕ್ಕರೆ ಕಾಯಿಲೆ ಇದೆ. ಮೊನ್ನೆ ಗೋಳಿಬಜೆ ಕರಿಯುವಾಗ ಬಾಣಲೆ ಓರೆಯಾಗಿ ಬಿಸಿ ಎಣ್ಣೆ ಬಲಗೈ ಮೇಲೆ ಬಿತ್ತು. ನೀರು ತಾಗಿದರೆ ಬೊಬ್ಬೆ ಏಳುತ್ತದೆ ಎಂದು ಅತ್ತೆಯವರು ಟೂತ್‌ಪೇಸ್ಟ್ ಹಚ್ಚಿದರು. ಆದರೂ ಬೊಬ್ಬೆಗಳು ಎದ್ದಿವೆ, ಒಂದು ನಿಂಬೆಹಣ್ಣಿನಷ್ಟು ದೊಡ್ಡದು. ನೋವು ಅಷ್ಟೇನೂ ಇಲ್ಲ. ಸೂಜಿಯಿಂದ ಚುಚ್ಚಿ ನೀರು ತೆಗೆಯಬಹುದೇ? ಆಸ್ಪತ್ರೆಗೆ ಹೋಗಲೇಬೇಕೇ?
— ಓದುಗರು, ಡೊಂಬಿವಲಿ

ಈ ಪತ್ರ ಕೈಗೆ ಬಂದ ದಿನವೇ ಸಂಪಾದಕರಿಂದ ಇವರಿಗೆ ಫೋನ್ ಮಾಡಿಸಿದೆ. ಸುಟ್ಟ ಕೈ ಅಂಕಣದ ಸರದಿಗಾಗಿ ಕಾಯುವುದಿಲ್ಲ. ಅವರು ಅದೇ ಸಂಜೆ ಶಸ್ತ್ರವೈದ್ಯರಿಗೆ ತೋರಿಸಿದರು. ಅಲ್ಲಿ ಕಂಡದ್ದನ್ನು ಅವರ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಹೆಸರು, ಊರು ಬದಲಾಯಿಸಿಕೊಂಡು ಪ್ರತಿ ಹಬ್ಬದ ಮರುವಾರ ನನ್ನ ಮೇಜಿಗೆ ಬರುತ್ತದೆ.

ಮೊದಲು ಆ ನೀರಿನ ಮಾತು. ಬಿಸಿ ತಾಗಿದಾಗ ಚರ್ಮದ ಮೇಲ್ಪದರವು ಕೆಳಪದರದಿಂದ ಸಡಿಲವಾಗುತ್ತದೆ. ಕೆಳಗಿನ ಸಣ್ಣ ರಕ್ತನಾಳಗಳು ಸೋರತೊಡಗಿ, ಆ ದ್ರವ ಎರಡು ಪದರಗಳ ನಡುವೆ ತುಂಬಿಕೊಳ್ಳುತ್ತದೆ. ಅದೇ ಬೊಬ್ಬೆ. ಅದು ಕೆಲವು ನಿಮಿಷಗಳಲ್ಲಿ ಏಳಬಹುದು, ಮರುದಿನವೂ ಏಳಬಹುದು. ಎಣ್ಣೆ ಬಿದ್ದ ಕ್ಷಣದಲ್ಲೇ ಅದರ ಕಾರಣ ಮುಗಿದಿರುತ್ತದೆ. ಆಮೇಲೆ ನೀರು ಹಾಕಿದವರಿಗೂ ಏಳುತ್ತದೆ, ಹಾಕದವರಿಗೂ ಏಳುತ್ತದೆ. ಹಾಕಿದವರು ನೀರನ್ನು ದೂರುತ್ತಾರೆ. ಹಾಕದವರು ಯಾರನ್ನೂ ದೂರುವುದಿಲ್ಲ, ಹಾಗಾಗಿ ಈ ನಂಬಿಕೆ ಮನೆಯಿಂದ ಮನೆಗೆ ಆರಾಮವಾಗಿ ಸಾಗುತ್ತಿದೆ.

ನೀರು ಮಾಡುವ ಕೆಲಸವೇ ಬೇರೆ. ಕರಿಯುವ ಎಣ್ಣೆಯ ಬಿಸಿ ಸುಮಾರು 170ರಿಂದ 190 ಡಿಗ್ರಿ ಸೆಲ್ಸಿಯಸ್. ಕುದಿಯುವ ನೀರು 100 ಡಿಗ್ರಿಗೆ ನಿಲ್ಲುತ್ತದೆ, ಚರ್ಮದಿಂದ ಹರಿದೂ ಹೋಗುತ್ತದೆ. ಎಣ್ಣೆ ಅಂಟಿಕೊಂಡು ಕೂರುತ್ತದೆ. ಒಲೆಯಿಂದ ಇಳಿಸಿದ ಮೇಲೂ ಅನ್ನ ಬೇಯುತ್ತಿರುತ್ತದಲ್ಲ, ಹಾಗೆ ಎಣ್ಣೆ ಒರೆಸಿದ ಮೇಲೂ ಚರ್ಮದೊಳಗಿನ ಬಿಸಿ ಕೆಳಕ್ಕೆ ಇಳಿಯುತ್ತಲೇ ಇರುತ್ತದೆ. ಅದನ್ನು ಹೊರಗೆಳೆಯುವುದು ಹರಿಯುವ ತಣ್ಣೀರು ಮಾತ್ರ. ಇಪ್ಪತ್ತು ನಿಮಿಷ ಹಿಡಿಯಬೇಕು, ಗಡಿಯಾರ ನೋಡಿಕೊಂಡು. ಎರಡು ನಿಮಿಷ ಹಿಡಿದು, ಉರಿ ಕಡಿಮೆಯಾಯಿತೆಂದು ಅಡುಗೆಗೆ ಮರಳುವವರೇ ಹೆಚ್ಚು. ಆರಂಭದಲ್ಲಿ ತಪ್ಪಿದ್ದರೂ ಸುಟ್ಟ ಮೂರು ಗಂಟೆಯೊಳಗೆ ಹಿಡಿದರೆ ಪ್ರಯೋಜನವಿದೆ. ಮೂರನೆಯ ದಿನ ಹಿಡಿದರೆ ಕೈ ಒದ್ದೆಯಾಗುತ್ತದೆ, ಅಷ್ಟೇ.

ಮುಂಬೈಯವರಿಗೆ ಇಲ್ಲೊಂದು ಎಚ್ಚರಿಕೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ತಾರಸಿಯ ಕಪ್ಪು ಟ್ಯಾಂಕಿನಿಂದ ಬರುವ ನೀರು ಸ್ನಾನಕ್ಕೂ ಬಿಸಿ ಎನಿಸುವಷ್ಟಿರುತ್ತದೆ. ಮೊದಲು ನಿಮ್ಮ ಇನ್ನೊಂದು ಕೈ ಒಡ್ಡಿ ನೋಡಿ. ಬೆಚ್ಚಗಿದ್ದರೆ ಕುಡಿಯಲು ತುಂಬಿಟ್ಟ ನೀರನ್ನು ಬಳಸಿ. ನಲ್ಲಿಯಲ್ಲಿ ನೀರೇ ಇಲ್ಲದ ಹೊತ್ತಾದರೆ ಬಕೆಟ್ಟಿನಿಂದ ಚೊಂಬಿನಲ್ಲಿ ಸುರಿಯುತ್ತಿರಿ, ಕೆಳಗೆ ಪಾತ್ರೆಯಿಟ್ಟು ಅದೇ ನೀರನ್ನು ಮತ್ತೆ ಸುರಿಯಬಹುದು. ಅದೂ ಆಗದಿದ್ದರೆ ಒದ್ದೆ ಬಟ್ಟೆಯನ್ನು ಎರಡೆರಡು ನಿಮಿಷಕ್ಕೆ ಬದಲಾಯಿಸಿ. ಇಪ್ಪತ್ತು ನಿಮಿಷದ ಲೆಕ್ಕ ಹಾಗೆಯೇ ಇರಲಿ. ಸುಟ್ಟದ್ದು ಮಗುವಾದರೆ ಅಥವಾ ಸುಟ್ಟ ಜಾಗ ದೊಡ್ಡದಾದರೆ ಉಳಿದ ಮೈಯನ್ನು ಬೆಚ್ಚಗೆ ಹೊದಿಸಿಡಿ. ಗಾಯ ತಣ್ಣಗಾಗಬೇಕು, ಮನುಷ್ಯ ಚಳಿಯಿಂದ ನಡುಗಬಾರದು.

ನೀರು ಹರಿಯುತ್ತಿರುವಾಗಲೇ ಬಳೆ, ಉಂಗುರ, ವಾಚು ತೆಗೆಯಿರಿ. ಅರ್ಧ ಗಂಟೆಯಲ್ಲಿ ಬೆರಳು ಊದಿಕೊಂಡರೆ ಉಂಗುರವನ್ನು ಕತ್ತರಿಸಬೇಕಾಗುತ್ತದೆ. ಎಣ್ಣೆ ನೆನೆದ ತೋಳಿನ ಬಟ್ಟೆಯನ್ನೂ ತೆಗೆಯಿರಿ. ಚರ್ಮಕ್ಕೆ ಅಂಟಿದ್ದರೆ ಎಳೆಯಬೇಡಿ, ಸುತ್ತ ಕತ್ತರಿಸಿ. ಆಮೇಲೆ ಅಡುಗೆಮನೆಯಲ್ಲಿ ಆಹಾರ ಸುತ್ತುವ ತೆಳು ಪ್ಲಾಸ್ಟಿಕ್ ಹಾಳೆ ಇದ್ದರೆ ಸುರುಳಿಯ ಮೊದಲ ಸುತ್ತನ್ನು ಬಿಟ್ಟು ಒಳಗಿನ ತುಂಡನ್ನು ಗಾಯದ ಮೇಲೆ ಹಾಸಿ. ಹಾಸಿ ಎಂದೆ, ಬಿಗಿಯಾಗಿ ಸುತ್ತಿ ಎನ್ನಲಿಲ್ಲ. ಅದಿಲ್ಲದಿದ್ದರೆ ಶುಭ್ರವಾಗಿ ಒಗೆದ ಹತ್ತಿ ಬಟ್ಟೆ ಸಾಕು. ಬಿಡಿ ಹತ್ತಿ ಬೇಡ, ಅದರ ಎಳೆಗಳನ್ನು ಗಾಯದಿಂದ ಆರಿಸಿ ತೆಗೆಯುವುದು ರೋಗಿಗೂ ನಮಗೂ ಶಿಕ್ಷೆ. ನೋವಿಗೆ ಪ್ಯಾರಾಸಿಟಮಾಲ್ ತೆಗೆದುಕೊಳ್ಳಬಹುದು.

ಟೂತ್‌ಪೇಸ್ಟಿನ ಬಗ್ಗೆ ನನ್ನ ತಾಳ್ಮೆ ಎಂದೋ ಮುಗಿದಿದೆ. ತಣ್ಣಗೆ ಅನಿಸುವುದು ಅದರಲ್ಲಿರುವ ಪುದೀನಾದ ಅಂಶದಿಂದ. ಚರ್ಮದೊಳಗಿನ ಬಿಸಿಗೆ ಅದು ಏನೂ ಮಾಡುವುದಿಲ್ಲ. ಒಣಗಿ ಗಟ್ಟಿಯಾದ ಮೇಲೆ ಗಾಯದ ಬಣ್ಣ ನಮಗೆ ಕಾಣುವುದಿಲ್ಲ, ಉಜ್ಜಿ ತೆಗೆಯುವಾಗ ರೋಗಿ ಕಿರುಚುತ್ತಾರೆ. ಅರಿಶಿನ, ಶಾಯಿ, ಕಾಫಿಪುಡಿ, ತುಪ್ಪ, ಮೊಟ್ಟೆಯ ಬಿಳಿ, ಎಲ್ಲಕ್ಕೂ ಇದೇ ಉತ್ತರ. ಪ್ರತಿಯೊಂದಕ್ಕೂ ಬೇರೆ ಬೇರೆ ಪತ್ರ ಬರೆಯಬೇಡಿ.

ಇನ್ನು ಸೂಜಿ. ಮನೆಯಲ್ಲಿ ಚುಚ್ಚಬೇಡಿ. ಚುಚ್ಚಿದ ತೂತು ಮುಚ್ಚಿ ಬೊಬ್ಬೆ ಮತ್ತೆ ತುಂಬುತ್ತದೆ, ನಡುವೆ ರೋಗಾಣು ಒಳಗೆ ಹೋಗಿರುತ್ತದೆ. ಸೂಜಿಯನ್ನು ದೀಪಕ್ಕೆ ಹಿಡಿದೆವು ಎನ್ನುವವರಿಗೆ ನಾನು ಕೇಳುವುದು, ನಿಮ್ಮ ಬೆರಳನ್ನೂ ಆ ಚರ್ಮವನ್ನೂ ಯಾವ ದೀಪಕ್ಕೆ ಹಿಡಿದಿರಿ? ಕಡಲೆಕಾಳಿನಷ್ಟಿರುವ, ಸಡಿಲವಾದ ಬೊಬ್ಬೆಗಳನ್ನು ನಾವೂ ಮುಟ್ಟುವುದಿಲ್ಲ. ದೊಡ್ಡದು, ಬಿಗಿದುಕೊಂಡದ್ದು, ಬೆರಳಿನ ಗೆಣ್ಣಿನ ಮೇಲಿರುವುದು, ಇವುಗಳ ಮೇಲ್ಪದರವನ್ನು ಚಿಕಿತ್ಸಾ ಕೊಠಡಿಯಲ್ಲಿ ಶುದ್ಧೀಕರಿಸಿದ ಕತ್ತರಿಯಿಂದ ಕತ್ತರಿಸಿ ತೆಗೆಯುತ್ತೇವೆ. ಹಾಗೆ ಮಾಡುವುದು ಕೆಳಗಿನ ನೆಲ ಕಾಣಲೆಂದು. ಬೊಬ್ಬೆಯ ಗಾತ್ರ ಏನನ್ನೂ ಹೇಳುವುದಿಲ್ಲ, ಎಲ್ಲವನ್ನೂ ಹೇಳುವುದು ಅದರ ತಳ. ತಾನಾಗಿಯೇ ಒಡೆದರೆ ಸೋಪು ನೀರಿನಿಂದ ಮೆಲ್ಲನೆ ತೊಳೆದು, ಔಷಧಿ ಅಂಗಡಿಯಲ್ಲಿ ಸಿಗುವ ಪ್ಯಾರಾಫಿನ್ ಗಾಜ್ ಹಾಸಿ, ಮೇಲೆ ಒಣ ಗಾಜ್ ಕಟ್ಟಿ. ಸಿಪ್ಪೆ ಎಳೆಯಬೇಡಿ.

ಈ ಓದುಗರ ಕೈಯಲ್ಲಿ ದೊಡ್ಡ ಬೊಬ್ಬೆಯ ತಳ ಗುಲಾಬಿ ಬಣ್ಣದ್ದಿತ್ತು, ತೇವವಾಗಿತ್ತು, ಬೆರಳಿನಿಂದ ಒತ್ತಿದರೆ ಬಿಳುಪಾಗಿ ಬಿಟ್ಟೊಡನೆ ಕೆಂಪು ಮರಳುತ್ತಿತ್ತು. ಅಂಥದ್ದು ಎರಡು ವಾರದೊಳಗೆ ಮಾಯುತ್ತದೆ. ಅವರು ಹೆದರಿದ್ದು ಆ ಬೊಬ್ಬೆಗೆ. ಆದರೆ ಶಸ್ತ್ರವೈದ್ಯರನ್ನು ಚಿಂತೆಗೀಡುಮಾಡಿದ್ದು ನಡುಬೆರಳಿನ ಬುಡದಲ್ಲಿದ್ದ, ಬೊಬ್ಬೆಯೇ ಏಳದ, ಒಂದು ರೂಪಾಯಿ ನಾಣ್ಯದಷ್ಟು ಜಾಗ. ಅದು ಬಿಳಿಚಿಕೊಂಡಿತ್ತು, ಒಣಗಿತ್ತು, ಒತ್ತಿದರೂ ಬಣ್ಣ ಬದಲಾಗಲಿಲ್ಲ, ಸೂಜಿಮೊನೆ ತಾಗಿಸಿದ್ದು ಅವರಿಗೆ ತಿಳಿಯಲಿಲ್ಲ. ಅಲ್ಲಿ ಸುಟ್ಟದ್ದು ಆಳಕ್ಕಿಳಿದು ನರದ ತುದಿಗಳೂ ಹೋಗಿವೆ. ‘ನೋವು ಅಷ್ಟೇನೂ ಇಲ್ಲ’ ಎಂಬ ಸಾಲನ್ನು ಓದಿಯೇ ನಾನು ಫೋನ್ ಮಾಡಿಸಿದ್ದು. ಸಕ್ಕರೆ ಕಾಯಿಲೆಯವರಲ್ಲಿ ಸ್ಪರ್ಶ ಮೊದಲೇ ಮಂದವಾಗಿರಬಹುದು, ಗಾಯ ಮಾಯುವುದು ನಿಧಾನ, ಸೋಂಕು ಬೇಗ. ಅವರಿಗೆ ನೋವು ಇಲ್ಲದಿರುವುದು ಸಮಾಧಾನದ ಸುದ್ದಿಯಲ್ಲ.

ಸುಟ್ಟ ಗಾಯದ ಆಳ ಮೊದಲ ದಿನ ಪೂರ್ತಿ ಗೊತ್ತಾಗುವುದಿಲ್ಲ, ಎರಡು ಮೂರು ದಿನ ಅದು ಬದಲಾಗುತ್ತಿರುತ್ತದೆ. ಹಾಗಾಗಿ ಅವರಿಗೆ ಎರಡು ದಿನ ಬಿಟ್ಟು ಮತ್ತೆ ಬರಲು ಹೇಳಿದ್ದಾರೆ. ಪ್ರತಿ ಬೆರಳಿಗೂ ಬೇರೆ ಬೇರೆ ಪಟ್ಟಿ ಕಟ್ಟಿದ್ದಾರೆ, ಬೆರಳುಗಳನ್ನು ದಿನವಿಡೀ ಆಗಾಗ ಮಡಚಿ ಬಿಡಿಸಬೇಕು, ಮಲಗುವಾಗ ಕೈಯನ್ನು ದಿಂಬಿನ ಮೇಲೆ ಎತ್ತರಕ್ಕಿಡಬೇಕು. ಕೈಯನ್ನು ಗಂಟುಮೂಟೆಯಂತೆ ಕಟ್ಟಿ ಅಲ್ಲಾಡಿಸದೆ ಇಟ್ಟವರ ಗಾಯ ಮಾಯುತ್ತದೆ, ಬೆರಳು ಮಾತ್ರ ಮಡಚುವುದಿಲ್ಲ. ಟಿಟಿ ಚುಚ್ಚುಮದ್ದು ಯಾವಾಗ ಹಾಕಿಸಿಕೊಂಡದ್ದೆಂದು ನೆನಪಿಲ್ಲದ್ದರಿಂದ ಅದನ್ನೂ ಕೊಟ್ಟರು. ಆ ನಾಣ್ಯದಷ್ಟು ಜಾಗ ಮೂರು ವಾರದಲ್ಲಿ ಮುಚ್ಚುವ ಲಕ್ಷಣವಿಲ್ಲದಿದ್ದರೆ ತೊಡೆಯಿಂದ ತೆಳು ಚರ್ಮ ತೆಗೆದು ಕಸಿ ಮಾಡಬೇಕಾಗಬಹುದು.

ಔಷಧಿ ಅಂಗಡಿಯವರು ಕೇಳದೆಯೇ ಕೊಡುವ ಸಿಲ್ವರ್ ಸಲ್ಫಾಡಯಾಜೀನ್ ಎಂಬ ಬಿಳಿ ಮುಲಾಮನ್ನು ವೈದ್ಯರು ನೋಡುವ ಮೊದಲು ಹಚ್ಚಬೇಡಿ. ಅದು ತಳದ ಬಣ್ಣವನ್ನು ಮರೆಮಾಡುತ್ತದೆ, ಮೇಲುಮೇಲಿನ ಗಾಯವನ್ನು ನಿಧಾನವಾಗಿ ಮಾಯಿಸುತ್ತದೆ, ಸಲ್ಫಾ ಆಗದವರಿಗೆ ಅಪಾಯ.

ಯಾವಾಗ ಆಸ್ಪತ್ರೆ ಎಂದರೆ, ರೋಗಿಯ ಸ್ವಂತ ಅಂಗೈ, ಬೆರಳುಗಳೂ ಸೇರಿ, ಅವರ ಮೈಯ ಸುಮಾರು ಶೇಕಡಾ ಒಂದು. ಸುಟ್ಟು ಬೊಬ್ಬೆ ಎದ್ದ ಜಾಗ ದೊಡ್ಡವರಲ್ಲಿ ಹತ್ತು ಅಂಗೈ, ಮಕ್ಕಳಲ್ಲಿ ಐದು ಅಂಗೈ ಮೀರಿದರೆ 108ಕ್ಕೆ ಕರೆ ಮಾಡಿ, ಸುಟ್ಟ ಗಾಯದ ವಿಭಾಗವಿರುವ ಆಸ್ಪತ್ರೆಗೇ ಹೋಗಿ: ಐರೋಲಿಯ ನ್ಯಾಷನಲ್ ಬರ್ನ್ಸ್ ಸೆಂಟರ್, ಬೈಕುಲಾದ ಮಸೀನಾ, ಪಾಲಿಕೆಯ ಕಸ್ತೂರ್ಬಾ. ಈ ಓದುಗರದು ಎರಡು ಅಂಗೈಯಷ್ಟೂ ಇರಲಿಲ್ಲ. ಆದರೆ ಮುಖ, ಕೈ, ಪಾದ, ಜನನಾಂಗ, ಕೀಲು, ಅಥವಾ ತೋಳು ಕಾಲನ್ನು ಬಳೆಯಂತೆ ಸುತ್ತುವರಿದ ಗಾಯ ಎಷ್ಟೇ ಚಿಕ್ಕದಿರಲಿ, ಅದೇ ದಿನ ತೋರಿಸಬೇಕು. ಬಿಳಿಚಿದ ಜಾಗ, ಸಕ್ಕರೆ ಕಾಯಿಲೆ, ಗರ್ಭಿಣಿ, ವೃದ್ಧರು, ಹಸುಗೂಸು, ಇವಕ್ಕೂ ಹಾಗೆಯೇ. ಮನೆಯಲ್ಲಿ ನೋಡಿಕೊಳ್ಳುತ್ತಿರುವ ಗಾಯದ ಸುತ್ತ ಕೆಂಪು ಹರಡುತ್ತಿದ್ದರೆ, ಕಡಿಮೆಯಾಗುತ್ತಿದ್ದ ನೋವು ಮತ್ತೆ ಏರಿದರೆ, ವಾಸನೆ ಅಥವಾ ಜ್ವರ ಬಂದರೆ ಇನ್ನು ಕಾಯಬೇಡಿ. ಹಾಂ, ಕಟ್ಟಿದ ಕೈಯೊಂದಿಗೆ ಬೆಳಗಿನ ಲೋಕಲ್ ಗರ್ದಿಯಲ್ಲಿ ಹೋಗಬೇಡಿ, ಆಟೊ ಹಿಡಿಯಿರಿ.

ಪ್ರಶ್ನೆ: ಐಸ್ ಇಟ್ಟರೆ ಬೇಗ ತಣ್ಣಗಾಗುವುದಿಲ್ಲವೇ?
— ಓದುಗರು, ಮುಲುಂಡ್

ಆಗುತ್ತದೆ, ಚರ್ಮವೂ ಇನ್ನಷ್ಟು ಸಾಯುತ್ತದೆ. ಬೇಡ.

ಪ್ರಶ್ನೆ: ನಮ್ಮ ಹೋಟೆಲಿನಲ್ಲಿ ಹುಡುಗರ ಕಾಲಿಗೆ ಸಾಂಬಾರು ಚೆಲ್ಲಿದರೆ ದೋಸೆ ಹಿಟ್ಟು ಹಚ್ಚುವುದು ಹಳೆಯ ರೂಢಿ. ಇದರಿಂದ ತೊಂದರೆ ಇದೆಯೇ?
— ಹೋಟೆಲ್ ಮಾಲೀಕರು, ಮಾಟುಂಗಾ

ಹುದುಗು ಬಂದ ಹಿಟ್ಟೆಂದರೆ ರೋಗಾಣುಗಳ ಊಟ. ಹಿಟ್ಟು ಗಿರಾಕಿಗಳಿಗೆ ಇರಲಿ, ಹುಡುಗನ ಬೂಟು ಕಾಲುಚೀಲ ಕೂಡಲೇ ತೆಗೆಸಿ, ನಲ್ಲಿ ಬಿಟ್ಟು, ಆಮೇಲೆ ವೈದ್ಯರ ಬಳಿ ಕಳುಹಿಸಿ. ಆ ದಿನದ ಸಂಬಳ ಹಿಡಿಯಬೇಡಿ.

ಪ್ರಶ್ನೆ: ಒಂದೂವರೆ ವರ್ಷದ ಮೊಮ್ಮಗ ಚಹಾದ ಲೋಟ ಎಳೆದುಕೊಂಡ. ಎದೆಯ ಮೇಲೆ ಎರಡು ಸಣ್ಣ ಬೊಬ್ಬೆ. ಆಡಿಕೊಂಡಿದ್ದಾನೆ. ಆಸ್ಪತ್ರೆ ಬೇಕೇ?
— ಅಜ್ಜಿ, ಪುಣೆ

ಬೇಕು. ತೋರಿಸಿಕೊಂಡು ಬಂದ ಮೇಲೂ ಒಂದು ವಾರ ಕಣ್ಣಿಡಿ. ಪುಟ್ಟ ಮಕ್ಕಳಲ್ಲಿ ಸಣ್ಣ ಗಾಯದಿಂದಲೂ, ನೋಡಲು ಗಾಯ ಚೆನ್ನಾಗಿರುವಾಗಲೇ, ರೋಗಾಣುವಿನ ವಿಷ ಮೈಗೇರಬಹುದು. ಜ್ವರ, ಮೈಮೇಲೆ ಕೆಂಪು ಗಂಧೆ, ವಾಂತಿ, ಮಂಕುತನ ಕಂಡರೆ ಮಧ್ಯರಾತ್ರಿಯಾದರೂ ಹೊರಡಿ. ಸುಟ್ಟ ವಿಷಯವನ್ನು ವೈದ್ಯರಿಗೆ ಮೊದಲೇ ಹೇಳಿ, ಇಲ್ಲವಾದರೆ ಹಲ್ಲಿನ ಜ್ವರವೆಂದು ಸಿರಪ್ ಕೊಟ್ಟು ಕಳುಹಿಸಿಯಾರು.

ಪ್ರಶ್ನೆ: ಕಲೆ ಉಳಿಯದಂತೆ ಯಾವ ಕ್ರೀಮ್ ಹಚ್ಚಬೇಕು? ಒಬ್ಬರು ವೈದ್ಯರು ಏಳು ದಿನದಲ್ಲಿ ಕಲೆ ಮಾಯ ಎಂದು ಎಣ್ಣೆ ಕೊಡುತ್ತಾರಂತೆ.
— ಓದುಗರು, ಮಡಗಾಂವ್

ಅವರು ವೈದ್ಯರಲ್ಲ. ಗಾಯ ಮುಚ್ಚುವವರೆಗೆ ಕಲೆಯ ಯೋಚನೆಯೇ ಬೇಡ. ಮುಚ್ಚಿದ ಮೇಲೆ ದಿನಕ್ಕೆ ಎರಡು ಮೂರು ಬಾರಿ ಮನೆಯ ಕೊಬ್ಬರಿ ಎಣ್ಣೆ ಹಚ್ಚಿ ಮೃದುವಾಗಿ ತಿಕ್ಕಿ, ಬಿಸಿಲು ಬೀಳದಂತೆ ಕೆಲವು ತಿಂಗಳು ಮುಚ್ಚಿಕೊಳ್ಳಿ. ಮಾಯಲು ಮೂರು ವಾರಕ್ಕಿಂತ ಹೆಚ್ಚು ಹಿಡಿದಿದ್ದರೆ ಕಲೆ ಉಬ್ಬಿ ಗಟ್ಟಿಯಾಗುವ ಸಾಧ್ಯತೆ ಇದೆ. ಅಂಥವರು ಪ್ಲಾಸ್ಟಿಕ್ ಸರ್ಜನ್ ಬಳಿ ಹೋಗಿ ಸಿಲಿಕೋನ್ ಪಟ್ಟಿಯನ್ನೋ ಅಳತೆಗೆ ಹೊಲಿದ ಬಿಗಿ ಉಡುಪನ್ನೋ ಕೇಳಬೇಕು. ಅದನ್ನು ತಿಂಗಳುಗಟ್ಟಲೆ ಹಾಕಿಕೊಳ್ಳಬೇಕಾಗುತ್ತದೆ.