ಎರಡು ಅಂಗಡಿ, ಎರಡು ಪವರ್: ಯಾವ ಚೀಟಿ ನಂಬೋದು?

"ವಯಸ್ಸು 43. ಬಲಗಣ್ಣಿಗೆ ಒಂದು ಅಂಗಡಿಯವರು -1.25 / -0.50 × 180 ಅಂತ ಬರೆದರು, ಇನ್ನೊಬ್ಬರು -1.75 / +0.50 × 90. ಎಡಗಣ್ಣಿಗೆ ಒಬ್ಬರು -1.50, ಇನ್ನೊಬ್ಬರು -1.75. ದೂರದ ಹಕ್ಕಿ ನೋಡೋಕೆ ಯಾವುದನ್ನ ಮಾಡಿಸಲಿ?"

ಸರ್, ಬಲಗಣ್ಣಿಗೆ ಇಬ್ಬರೂ ಕೊಟ್ಟಿರುವುದು ಒಂದೇ ಪವರ್. ಚೀಟಿಯ ಎರಡನೇ ಅಂಕಿಯಾದ ಸಿಲಿಂಡರ್ ಪವರನ್ನು ಕೆಲವರು ಮೈನಸ್‌ನಲ್ಲಿ ಬರೆಯುತ್ತಾರೆ, ಕೆಲವರು ಪ್ಲಸ್‌ನಲ್ಲಿ. ಎರಡನೇ ಚೀಟಿಯ -1.75ಕ್ಕೆ +0.50 ಸೇರಿಸಿ, -1.25 ಬರುತ್ತದೆ. ಸಿಲಿಂಡರ್‌ನ ಪ್ಲಸ್ಸನ್ನು ಮೈನಸ್ ಮಾಡಿ. ಆಕ್ಸಿಸ್ 90ಕ್ಕೆ ಇನ್ನೊಂದು 90 ಸೇರಿಸಿ. ಮೊದಲ ಚೀಟಿಯೇ ಬಂತು ಅಲ್ವಾ? ಆದರೆ ಒಂದರ ಮೊದಲ ಅಂಕಿ, ಇನ್ನೊಂದರ ಆಕ್ಸಿಸ್ ಅಂತ ಬೆರೆಸಿ ಆರ್ಡರ್ ಕೊಡಬೇಡಿ. ಆಗ ಲೆನ್ಸ್ ಪೂರ್ತಿ ತಪ್ಪಾಗುತ್ತದೆ.

ನಿಜವಾದ ವ್ಯತ್ಯಾಸ ಇರುವುದು ಎಡಗಣ್ಣಿನಲ್ಲಿ, ಅದೂ 0.25. ಪವರ್ ಬದಲಾಯಿಸುವುದೇ ಸಾಮಾನ್ಯವಾಗಿ 0.25ರಂತೆ. "ಇದು ಸ್ಪಷ್ಟವಾ, ಅದಾ?" ಅಂತ ಕೇಳಿದಾಗ ನಾವು ಕೊಡುವ ಉತ್ತರದ ಮೇಲೆ ಅದು ನಿಂತಿರುತ್ತದೆ. ಒಬ್ಬರೇ ಎರಡು ಸಲ ನೋಡಿದರೂ ಇಷ್ಟು ಹೆಚ್ಚುಕಡಿಮೆ ಬರಬಹುದು.

ಮೇಲೆ ಒಬ್ಬರು "ಕಂಪ್ಯೂಟರ್ ಚೆಕಪ್ ಮಾಡಿದವರನ್ನೇ ನಂಬಿ" ಅಂದಿದ್ದಾರೆ. ಅದು ಅರ್ಧ ಸರಿ. ಮಷೀನ್ ಒಳ್ಳೆಯ ಆರಂಭ ಕೊಡುತ್ತದೆ. ಆದರೆ ಒಳಗಿನ ಚಿತ್ರ ಹತ್ತಿರವೇ ಇದೆ ಅನ್ನಿಸಿ ಕಣ್ಣು ಫೋಕಸ್ ಬಿಗಿ ಮಾಡಿಕೊಂಡರೆ ಮೈನಸ್ ಜಾಸ್ತಿ ತೋರಿಸುತ್ತದೆ. ಮಷೀನ್ ಚೀಟಿಯನ್ನೇ ನಕಲು ಮಾಡಿ ಕೊಟ್ಟವರಿಗಿಂತ, ಟ್ರಯಲ್ ಫ್ರೇಮ್ ಹಾಕಿ ಲೆನ್ಸ್ ಬದಲಿಸಿ ನೋಡಿದವರ ಚೀಟಿಯನ್ನು ನಾನು ನಂಬುತ್ತೇನೆ.

ಬೆಳಿಗ್ಗೆ ಹೋಗಿ, ಬಲಗಣ್ಣು ಮುಚ್ಚಿ, ಎಡಗಣ್ಣಿಗೆ ಎರಡೂ ಲೆನ್ಸ್ ಹಾಕಿಸಿಕೊಳ್ಳಿ. -1.75ರಲ್ಲಿ ಇನ್ನೊಂದು ಸಾಲು ಓದಲು ಬಂತಾ? ಇಲ್ಲಾ ಅದೇ ಅಕ್ಷರ ಸ್ವಲ್ಪ ಚಿಕ್ಕದಾಗಿ, ಕಪ್ಪಾಗಿ ಕಂಡಿತಾ? ಹೊಸ ಸಾಲು ಬರದಿದ್ದರೆ -1.50 ಸಾಕು. ಕೆಂಪು-ಹಸಿರು ಚಾರ್ಟ್ ಇದ್ದರೆ ಅದನ್ನೂ ತೋರಿಸಲು ಹೇಳಿ. ಹಸಿರಿನ ಮೇಲಿನ ಅಕ್ಷರವೇ ಎದ್ದು ಕಂಡರೆ ಸಾಮಾನ್ಯವಾಗಿ ಮೈನಸ್ ಜಾಸ್ತಿ ಆಗಿದೆ ಅಂತ. ಆಮೇಲೆ ಎರಡೂ ಕಣ್ಣಿಗೆ ಲೆನ್ಸ್ ಹಾಕಿಸಿ, ಅದೇ ಫ್ರೇಮ್‌ನಲ್ಲಿ ಬಾಗಿಲಿಗೆ ಬಂದು ದೂರದ ಬೋರ್ಡ್ ನೋಡಿ, ಕೈಯಲ್ಲಿರುವ ಮೊಬೈಲನ್ನೂ ಓದಿ. ಈ ವಯಸ್ಸಿನಲ್ಲಿ ಮೈನಸ್ ಜಾಸ್ತಿ ಆದರೆ ದೂರದ ಹಕ್ಕಿ ಚೆನ್ನಾಗೇ ಕಾಣುತ್ತದೆ, ಕೈಯಲ್ಲಿರುವ ಹಕ್ಕಿ ಪುಸ್ತಕ ಓದಲು ಕಷ್ಟವಾಗುತ್ತದೆ. ಎರಡರಲ್ಲೂ ಒಂದೇ ಥರ ಕಂಡರೆ ಕಡಿಮೆ ಮೈನಸ್ಸಿಗೇ ಹೋಗಿ.

ಅಮ್ಮನ ಪವರ್ ತಿಂಗಳಲ್ಲಿ ಎರಡು ಸಲ ಬದಲಾಯಿತು ಅಂದ ಮೇಡಂ, ಅವರಿಗೆ ಶುಗರ್ ಇದೆ ಅಂತಲೂ ಬರೆದಿದ್ದೀರಿ. ಶುಗರ್ ಏರಿಳಿದರೆ ಪವರೇ ಬದಲಾಗುತ್ತದೆ, ಅಲ್ಲಿ ಅಂಗಡಿಯವರ ತಪ್ಪು ಇರಬೇಕಾಗಿಲ್ಲ. ಶುಗರ್ ಹಿಡಿತಕ್ಕೆ ಬಂದು ಕೆಲವು ವಾರ ಆಗುವವರೆಗೆ ಹೊಸ ಕನ್ನಡಕ ಬೇಡ. ಕಣ್ಣಿನ ಡಾಕ್ಟರಿಗೂ ತೋರಿಸಿ.

ಸರ್, -1.75 ಬರೆದವರು ಲೆನ್ಸ್ ಬದಲಿಸಿ ಕೇಳಿದ್ರಾ, ಇಲ್ಲಾ ಮಷೀನ್ ಮಾತ್ರಾನಾ? ಹಳೆ ಕನ್ನಡಕದ ಎಡಗಣ್ಣಿನ ಪವರ್ ಎಷ್ಟಿತ್ತು?